ಕೊನೆಯ ವಾರದ ಗೆರೆ ಯಾಕೆ ಸದಾ ಇಳಿದೇ ಕಾಣುತ್ತದೆ?

ಪ್ರಶ್ನೆ: ನಮ್ಮ ಜಿಲ್ಲೆಯ ಡೆಂಗಿ ಪ್ರಕರಣಗಳನ್ನು ವಾರವಾರ ಡ್ಯಾಶ್‌ಬೋರ್ಡ್‌ಗೆ ಹಾಕುತ್ತೇವೆ. ಯಾವಾಗ ನೋಡಿದರೂ ಕೊನೆಯ ಎರಡು ಮೂರು ವಾರ ಇಳಿದ ಹಾಗೆ ಕಾಣುತ್ತದೆ, ತಿಂಗಳು ಬಿಟ್ಟು ನೋಡಿದರೆ ಅದೇ ವಾರಗಳು ಏರಿರುತ್ತವೆ. ಸಭೆಯಲ್ಲಿ ಮಾತ್ರ "ಡೆಂಗಿ ಇಳೀತಲ್ಲ" ಅಂತ ಮುಂದಕ್ಕೆ ಹೋಗ್ತಾರೆ. ಕೊನೆಯ ವಾರಗಳನ್ನು ತೋರಿಸದೇ ಇರೋದೇ ಸರಿಯಾ? ತೋರಿಸೋದಾದರೆ ಹೇಗೆ?

ಉತ್ತರ: ತೋರಿಸಿ. ಆದರೆ ಈಗ ತೋರಿಸುತ್ತಿರುವ ರೀತಿಯಲ್ಲಿ ಅಲ್ಲ.

ಒಬ್ಬರಿಗೆ ಜ್ವರ ಬಂದ ದಿನಕ್ಕೂ ಅವರ ಹೆಸರು ನಿಮ್ಮ ಪಟ್ಟಿಗೆ ಬೀಳುವ ದಿನಕ್ಕೂ ನಡುವೆ ಏನೇನಿದೆ ಎಂದು ಮೊದಲು ನೋಡೋಣ. ಜ್ವರ ಬಂದ ಮೂರು ನಾಲ್ಕು ದಿನಕ್ಕೆ ಆಸ್ಪತ್ರೆಗೆ ಬರುತ್ತಾರೆ. ಐದು ದಿನದೊಳಗೆ ಬಂದರೆ ಎನ್ಎಸ್1, ಆಮೇಲೆ ಬಂದರೆ ಐಜಿಎಂ ಪರೀಕ್ಷೆ. ರಾಷ್ಟ್ರೀಯ ಕಾರ್ಯಕ್ರಮದ ಲೆಕ್ಕದಲ್ಲಿ ಖಚಿತ ಪ್ರಕರಣ ಎನಿಸಿಕೊಳ್ಳಲು ಎಲೈಸಾ ಆಗಲೇಬೇಕು, ಕಾರ್ಡ್ ಪರೀಕ್ಷೆ ಸಾಲದು. ಎಲೈಸಾ ತಟ್ಟೆಯಲ್ಲಿ 96 ಗುಳಿ ಇರುತ್ತವೆ. ನಾಲ್ಕೈದು ಸ್ಯಾಂಪಲ್‌ಗಾಗಿ ಯಾರೂ ಕಿಟ್ ಬಿಚ್ಚುವುದಿಲ್ಲ, ಸಾಕಷ್ಟು ಕೂಡುವವರೆಗೆ ಕಾಯುತ್ತಾರೆ. ಫಲಿತಾಂಶ ಬಂದ ಮೇಲೆ ರೋಗ ವರದಿಯ ಸರ್ಕಾರಿ ಜಾಲತಾಣವಾದ ಐಎಚ್‌ಐಪಿಗೆ ನಮೂದಾಗಬೇಕು. ಖಾಸಗಿ ಆಸ್ಪತ್ರೆಯದಾದರೆ ಇನ್ನೂ ಒಂದೆರಡು ಮೆಟ್ಟಿಲು. ಹೀಗಿರುವಾಗ ಭಾನುವಾರಕ್ಕೆ ಮುಗಿದ ವಾರದ ಲೆಕ್ಕವನ್ನು ಸೋಮವಾರ ತೆಗೆದರೆ, ಆ ವಾರದ ಮೊದಲೆರಡು ದಿನ ಜ್ವರ ಬಂದವರಲ್ಲಿ ಕೆಲವರು ಮಾತ್ರ ಸಿಗುತ್ತಾರೆ. ಶನಿವಾರ ಜ್ವರ ಬಂದವರು ಇನ್ನೂ ಮನೆಯಲ್ಲಿ ಕಷಾಯ ಕುಡಿಯುತ್ತಿರುತ್ತಾರೆ.

ಅಂದರೆ ನಿಮ್ಮ ನಕ್ಷೆಯಲ್ಲಿ ಅಕ್ಕಪಕ್ಕ ನಿಂತಿರುವ ಕಂಬಗಳು ಒಂದೇ ವಯಸ್ಸಿನವಲ್ಲ. ಆರು ವಾರ ಹಿಂದಿನದು ಪೂರ್ತಿ ಬೆಳೆದ ಸಂಖ್ಯೆ, ಕೊನೆಯದು ಹುಟ್ಟಿದ ದಿನದ ಸಂಖ್ಯೆ. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದ್ದೇ ತಪ್ಪು.

ಎರಡು ದಿನಾಂಕ, ಒಂದು ತ್ರಿಕೋನ

ಇದನ್ನು ಸರಿಪಡಿಸಲು ಪ್ರತಿ ಪ್ರಕರಣಕ್ಕೂ ಎರಡು ದಿನಾಂಕ ಬೇಕು: ಜ್ವರ ಶುರುವಾದದ್ದು, ಮತ್ತು ಮೊದಲ ಬಾರಿ ವ್ಯವಸ್ಥೆಗೆ ನಮೂದಾದದ್ದು. "ಕೊನೆಯ ತಿದ್ದುಪಡಿ" ದಿನಾಂಕವನ್ನು ನಮೂದಿನ ದಿನಾಂಕ ಎಂದು ಬಳಸಬೇಡಿ. ವಿಳಾಸ ತಿದ್ದಿದರೂ ಅದು ಬದಲಾಗುತ್ತದೆ, ಆಗ ವಿಳಂಬ ಸುಳ್ಳಾಗಿ ಉದ್ದವಾಗುತ್ತದೆ. ಜ್ವರದ ದಿನಾಂಕ ಅನೇಕರಿಗೆ ಖಾಲಿ ಇದ್ದರೆ ಎಲ್ಲರಿಗೂ ಸ್ಯಾಂಪಲ್ ತೆಗೆದ ದಿನಾಂಕವನ್ನೇ ಹಿಡಿಯಿರಿ. ಅರ್ಧ ಮಂದಿಗೆ ಅದು, ಅರ್ಧ ಮಂದಿಗೆ ಇದು ಆಗಬಾರದು.

ವಾರದ ಎಣಿಕೆಯನ್ನು ವರದಿ ಬಂದ ದಿನಾಂಕದ ಮೇಲೆ ಮಾಡಿದರೆ ಈ ತಲೆನೋವೇ ಇಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಕೊನೆಯ ವಾರದ ಇಳಿತ ಮಾಯವಾಗುವುದೇನೋ ನಿಜ. ಆದರೆ ಆಗ ನಕ್ಷೆ ತೋರಿಸುವುದು ಪ್ರಯೋಗಾಲಯ ಮತ್ತು ನಮೂದಿನ ಕೆಲಸದ ಏರಿಳಿತವನ್ನು. ಒಂದು ಆಸ್ಪತ್ರೆ ತಿಂಗಳ ಬಾಕಿಯನ್ನು ಒಂದೇ ದಿನ ಏರಿಸಿದರೆ ಅದು ಹೊಸ ಸ್ಫೋಟದಂತೆ ಕಾಣುತ್ತದೆ.

ಈಗ ಲೆಕ್ಕ. ಕೆಳಗಿನವು ವಿಧಾನ ತೋರಿಸಲು ಇಟ್ಟುಕೊಂಡ ಅಂಕಿಗಳು, ಯಾವ ಜಿಲ್ಲೆಯವೂ ಅಲ್ಲ. 30ನೇ ವಾರ ಮುಗಿದ ಸೋಮವಾರ ಬೆಳಿಗ್ಗೆ ಕೂತಿದ್ದೇವೆ ಎಂದುಕೊಳ್ಳಿ. ಅಡ್ಡಸಾಲು ಜ್ವರ ಬಂದ ವಾರ. ಕಂಬಸಾಲು ಆ ವಾರ ಮುಗಿದಾಗ, ಅದರ ನಂತರ ಒಂದು ವಾರಕ್ಕೆ, ಎರಡು ವಾರಕ್ಕೆ ಹೀಗೆ ಒಟ್ಟು ಎಷ್ಟು ಪ್ರಕರಣ ಕೈಗೆ ಬಂದಿತ್ತು ಎಂಬುದು.

| ವಾರ | ಮುಗಿದಾಗ | +1 | +2 | +3 | +4 |
|---|---|---|---|---|---|
| 24 | 18 | 50 | 70 | 78 | 80 |
| 25 | 22 | 58 | 84 | 95 | 97 |
| 26 | 26 | 75 | 104 | 117 | 120 |
| 27 | 30 | 88 | 122 | 136 | |
| 28 | 34 | 97 | 138 | | |
| 29 | 41 | 116 | | | |
| 30 | 44 | | | | |

ನಿಮ್ಮ ಡ್ಯಾಶ್‌ಬೋರ್ಡ್ ಈಗ ತೋರಿಸುತ್ತಿರುವುದು ಪ್ರತಿ ಸಾಲಿನ ಕೊನೆಯ ಸಂಖ್ಯೆಯನ್ನು: 80, 97, 120, 136, 138, 116, 44. ಏರಿ, ನಿಂತು, ಕುಸಿದ ಚಿತ್ರ. ಅದೇ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ. "ಮುಗಿದಾಗ" ಎಂಬ ಕಂಬಸಾಲು 18, 22, 26, 30, 34, 41, 44. ಒಂದು ವಾರವೂ ಇಳಿದಿಲ್ಲ.

ಯಾವ ಮಾದರಿಯೂ ಇಲ್ಲದೆ ಇವತ್ತೇ ಮಾಡಬಹುದಾದ ತಿದ್ದುಪಡಿ ಇದು: ಒಂದೇ ವಯಸ್ಸಿನ ಸಂಖ್ಯೆಗಳನ್ನು ಹೋಲಿಸಿ. ಬಹಳಷ್ಟು ಡ್ಯಾಶ್‌ಬೋರ್ಡ್‌ಗಳ ಮೇಲ್ಭಾಗದಲ್ಲಿ ದೊಡ್ಡ ಅಂಕಿಯ ಚೌಕ ಇರುತ್ತದೆ. ಈ ಲೆಕ್ಕದಲ್ಲಿ ಅದು 44ನ್ನು 116ಕ್ಕೆ ಹೋಲಿಸಿ "ಶೇ 62 ಇಳಿಕೆ" ಎಂದು ಹಸಿರು ಬಾಣ ತೋರಿಸುತ್ತದೆ. ಹೋಲಿಸಬೇಕಾದದ್ದು 44ನ್ನು 41ಕ್ಕೆ, ಅಂದರೆ ಕಳೆದ ವಾರ ಇದೇ ವಯಸ್ಸಿನಲ್ಲಿದ್ದಾಗಿನ ಸಂಖ್ಯೆಗೆ. ಆಗ ಶೇ 7 ಏರಿಕೆ. ಸಭೆಯಲ್ಲಿ ಜನ ನಕ್ಷೆಗಿಂತ ಮೊದಲು ಆ ಬಾಣವನ್ನೇ ನೋಡುತ್ತಾರೆ. ಹಾಗಾಗಿ ಬೇರೇನೂ ಮಾಡಲು ಆಗದಿದ್ದರೂ ಅದೊಂದನ್ನು ಈ ವಾರವೇ ಬದಲಿಸಿ.

ಕೊನೆಯ ವಾರಗಳನ್ನು ಕತ್ತರಿಸಿದರೆ ಸಾಕೇ? 29 ಮತ್ತು 30ನ್ನು ತೆಗೆದರೆ ಉಳಿಯುವುದು 80, 97, 120, 136, 138. ಈಗಲೂ ಗೆರೆ ಮಟ್ಟಸವಾಗಿದೆ, ಏಕೆಂದರೆ 28ನೇ ವಾರವೂ ಪೂರ್ತಿಯಾಗಿಲ್ಲ. ಸುಳ್ಳು ಹೋಗಬೇಕಾದರೆ ಮೂರು ವಾರ ಕತ್ತರಿಸಬೇಕು. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಮಳೆಗಾಲದ ಬಿಸಿಯಲ್ಲಿ ಹತ್ತು ದಿನದ ಆಸುಪಾಸು ಸಾಕು. ಮೂರು ವಾರ ಹಳೆಯ ನಕ್ಷೆ ಹಿಡಿದು ಲಾರ್ವಾ ಸಮೀಕ್ಷೆಗೆ ಬೀದಿ ಆರಿಸಿದರೆ ಕೆಲಸ ತಡವಾಗಿರುತ್ತದೆ.

ಬರಬೇಕಾದದ್ದನ್ನು ಅಂದಾಜು ಮಾಡುವುದು

ಈ ತ್ರಿಕೋನದ ಖಾಲಿ ಮೂಲೆಯನ್ನು ತುಂಬುವ ಕ್ರಮ ವಿಮಾ ಲೆಕ್ಕಿಗರು ಬಹುಕಾಲದಿಂದ ಬಳಸುವಂಥದ್ದು. ಅವರು ಇದನ್ನು ಚೈನ್ ಲ್ಯಾಡರ್ ಎನ್ನುತ್ತಾರೆ. ಅಪಘಾತ ಈ ವರ್ಷ ಆಗಿ ಕ್ಲೇಮು ಮುಂದಿನ ವರ್ಷ ಬರುವ ಸಮಸ್ಯೆ ನಮ್ಮದೇ ಸಮಸ್ಯೆ.

ಒಂದು ಕಂಬಸಾಲಿನಿಂದ ಮುಂದಿನದಕ್ಕೆ ಸಂಖ್ಯೆ ಎಷ್ಟು ಪಟ್ಟು ಬೆಳೆಯುತ್ತದೆ ಎಂದು ನೋಡಿ, ಎರಡೂ ಸಂಖ್ಯೆ ಇರುವ ವಾರಗಳನ್ನು ಮಾತ್ರ ಕೂಡಿಸಿ. "ಮುಗಿದಾಗ"ದಿಂದ "+1"ಕ್ಕೆ: 24ರಿಂದ 29ನೇ ವಾರದವರೆಗೆ 484 ಭಾಗಿಸು 171, ಅಂದರೆ 2.83. ಅಲ್ಲಿಂದ "+2"ಕ್ಕೆ 518 ಭಾಗಿಸು 368, 1.41. ಮುಂದೆ 426 ಭಾಗಿಸು 380, 1.12. ಕೊನೆಗೆ 297 ಭಾಗಿಸು 290, 1.02. ಇವನ್ನು ಸಾಲಾಗಿ ಗುಣಿಸುತ್ತ ಹೋದರೆ ಈಗಷ್ಟೇ ಮುಗಿದ ವಾರದ ಗುಣಕ ಸುಮಾರು 4.57. ತಿರುಗಿಸಿ ಹೇಳುವುದಾದರೆ, ವಾರ ಮುಗಿದಾಗ ನಮ್ಮ ಕೈಯಲ್ಲಿರುವುದು ಕೊನೆಗೆ ಸಿಗುವುದರ ಶೇ 22 ಮಾತ್ರ. ಒಂದು ವಾರದ ನಂತರ ಶೇ 62, ಎರಡು ವಾರಕ್ಕೆ ಶೇ 87, ಮೂರಕ್ಕೆ ಶೇ 98.

ಹೀಗೆ 27ನೇ ವಾರ 139, 28 ಆದರೆ 158, 29 ಆದರೆ 187, 30 ಆದರೆ 201 ಎಂದಾಗುತ್ತದೆ. ಕುಸಿತ ಕಂಡ ಜಾಗದಲ್ಲಿ ಏರಿಕೆ ಇದೆ.

ಆರ್‌ನಲ್ಲಿ ಇಷ್ಟು ಸಾಕು. `now` ಎಂಬುದು ಕೊನೆಗೆ ಪೂರ್ತಿ ಮುಗಿದ ವಾರ ಶುರುವಾದ ಸೋಮವಾರ. ಆ ವಾರ ಮುಗಿದ ನಂತರದ ನಮೂದುಗಳನ್ನು ಮೊದಲೇ ತೆಗೆದಿರಬೇಕು.

```r
wk <- function(x) as.Date(cut(x, "week"))
d$ow <- wk(d$onset_date)
d$delay <- as.integer(wk(d$entered_date) - d$ow) / 7
tri <- table(d$ow, factor(pmin(d$delay, 4), levels = 0:4))
cum <- t(apply(tri, 1, cumsum))
age <- as.integer(now - as.Date(rownames(cum))) / 7
cum[outer(age, 0:4, "<")] <- NA
f <- sapply(1:4, function(j) {
  ok <- !is.na(cum[, j + 1])
  sum(cum[ok, j + 1]) / sum(cum[ok, j])
})
mult <- rev(cumprod(rev(f)))
```

`NA` ಹಾಕುವ ಸಾಲನ್ನು ಬಿಡಬೇಡಿ. ಎಣಿಕೆ ಮಾಡುವಾಗ ಇನ್ನೂ ಬಾರದ ಕೋಣೆಗಳಿಗೆ ಸೊನ್ನೆ ಬೀಳುತ್ತದೆ. ಕೂಡುತ್ತ ಹೋದಾಗ ಕೊನೆಯ ವಾರದ ಸಾಲು 44, 44, 44, 44, 44 ಆಗುತ್ತದೆ, ಅಂದರೆ "ಆಮೇಲೆ ಒಂದೂ ಬರಲಿಲ್ಲ" ಎಂದು ಲೆಕ್ಕ ನಂಬುತ್ತದೆ. ಗುಣಕಗಳು ಕುಗ್ಗುತ್ತವೆ, ದೋಷದ ಸಂದೇಶವೂ ಬರುವುದಿಲ್ಲ. ಹಾಗೆಯೇ ಋಣ ವಿಳಂಬಗಳನ್ನು, ಅಂದರೆ ಜ್ವರಕ್ಕಿಂತ ಮೊದಲೇ ನಮೂದಾದವುಗಳನ್ನು, ಎಸೆಯುವ ಮೊದಲು ತೆರೆದು ನೋಡಿ. ಬಹುಪಾಲು ದಿನ ಮತ್ತು ತಿಂಗಳು ಅದಲುಬದಲಾದ ದಿನಾಂಕಗಳೇ ಆಗಿರುತ್ತವೆ. 05-07 ಎಂಬುದು ಜುಲೈ 5 ಆಗುವ ಬದಲು ಮೇ 7 ಆಗಿ ಎರಡು ತಿಂಗಳ ವಿಳಂಬವನ್ನೂ ಸೃಷ್ಟಿಸಬಲ್ಲದು.

ಗುಣಕಕ್ಕೆ ಎಷ್ಟು ಹಿಂದಿನ ವಾರಗಳನ್ನು ಬಳಸಬೇಕು ಎಂಬುದು ತೀರ್ಮಾನದ ವಿಷಯ. ನನ್ನ ಮಟ್ಟಿಗೆ 8ರಿಂದ 12. ಅದಕ್ಕಿಂತ ಕಡಿಮೆಯಾದರೆ ಒಂದು ಹಬ್ಬದ ವಾರ ಇಡೀ ಲೆಕ್ಕವನ್ನು ಎಳೆದಾಡುತ್ತದೆ. ಹೆಚ್ಚಾದರೆ ಬೇಸಿಗೆಯ ನಿಧಾನಗತಿಯ ವಿಳಂಬ ಮಳೆಗಾಲದ ಲೆಕ್ಕದೊಳಗೆ ನುಸುಳುತ್ತದೆ.

ಅನಿಶ್ಚಿತತೆಯನ್ನು ಎಲ್ಲಿಂದ ತರುವುದು

201 ಎಂದು ಬರೆದು ನಿಲ್ಲಿಸಿದರೆ ಒಂದು ಸುಳ್ಳನ್ನು ತೆಗೆದು ಇನ್ನೊಂದನ್ನು ಇಟ್ಟಂತೆ. ಗುಣಕ 4.57 ಇರುವಾಗ ಭಾನುವಾರ ಸಂಜೆ ಒಬ್ಬ ಆಪರೇಟರ್ ಹತ್ತು ಫಾರಂ ಹೆಚ್ಚು ತುಂಬಿದರೆ ಅಂದಾಜು 46ರಷ್ಟು ಹಾರುತ್ತದೆ.

ವ್ಯಾಪ್ತಿಯನ್ನು ಸೂತ್ರದಿಂದ ತರುವುದಕ್ಕಿಂತ ನಿಮ್ಮದೇ ಹಿಂದಿನ ತಪ್ಪುಗಳಿಂದ ತರುವುದು ಹೆಚ್ಚು ನಂಬಿಕೆಗೆ ಅರ್ಹ. ಕಳೆದ ವರ್ಷದ ಪ್ರತಿ ಸೋಮವಾರಕ್ಕೂ ಹಿಂತಿರುಗಿ. ಅವತ್ತು ಕೈಯಲ್ಲಿದ್ದ ದತ್ತಾಂಶದಿಂದಲೇ ತ್ರಿಕೋನ ಕಟ್ಟಿ, ಅಂದಾಜು ಮಾಡಿ, ಕೊನೆಗೆ ನಿಜವಾಗಿ ಬಂದ ಸಂಖ್ಯೆಯನ್ನು ಅಂದಾಜಿನಿಂದ ಭಾಗಿಸಿ. 40 ವಾರ ಹೀಗೆ ಮಾಡಿದರೆ ಪ್ರತಿ ವಯಸ್ಸಿಗೂ 40 ಅನುಪಾತ ಸಿಗುತ್ತವೆ. ಅವನ್ನು ಏರಿಕೆ ಕ್ರಮದಲ್ಲಿಟ್ಟು ಕೆಳಗಿನ ನಾಲ್ಕು, ಮೇಲಿನ ನಾಲ್ಕು ಬಿಟ್ಟರೆ ಉಳಿದದ್ದು ಶೇ 80ರ ವ್ಯಾಪ್ತಿ. ನಮ್ಮ ಉದಾಹರಣೆಯಲ್ಲಿ ಅದು ಈಗಷ್ಟೇ ಮುಗಿದ ವಾರಕ್ಕೆ 0.70ರಿಂದ 1.45, ಒಂದು ವಾರ ಹಳೆಯದಕ್ಕೆ 0.85ರಿಂದ 1.20, ಎರಡು ವಾರದ್ದಕ್ಕೆ 0.93ರಿಂದ 1.09, ಮೂರು ವಾರದ್ದಕ್ಕೆ 0.98ರಿಂದ 1.03 ಎಂದು ಇಟ್ಟುಕೊಳ್ಳಿ. ಆಗ 30ನೇ ವಾರ ಸುಮಾರು 140ರಿಂದ 290, 29ನೇ ವಾರ 159ರಿಂದ 224, 28ನೇ ವಾರ 147ರಿಂದ 172, 27ನೇ ವಾರ 136ರಿಂದ 143.

ಈ ಸಂಖ್ಯೆಗಳು ಏನು ಹೇಳುತ್ತವೆ ನೋಡಿ. 29ರ ಕೆಳಗಿನ ತುದಿ 27ರ ಮೇಲಿನ ತುದಿಗಿಂತ ಮೇಲಿದೆ. ಆದ್ದರಿಂದ 27ರಿಂದ 29ಕ್ಕೆ ಏರಿದೆ ಎಂದು ಧೈರ್ಯವಾಗಿ ಹೇಳಬಹುದು. 30ನೇ ವಾರ ಏರಿತೋ ನಿಂತಿತೋ ಇಳಿಯಿತೋ ಎಂಬುದನ್ನು ಈ ದತ್ತಾಂಶ ಹೇಳುವುದಿಲ್ಲ. ಅದನ್ನು ಹಾಗೆಯೇ ಹೇಳಬೇಕು.

ಹಿಂತಿರುಗಿ ನೋಡುವಾಗ ಒಂದು ಮೋಸ ನಡೆಯುತ್ತದೆ. ಇವತ್ತಿನ ಪಟ್ಟಿಯಿಂದ ನಮೂದಿನ ದಿನಾಂಕ ಹಿಡಿದು "ಅವತ್ತಿನ" ಚಿತ್ರ ಕಟ್ಟಿದರೆ, ನಡುವೆ ಅಳಿಸಿಹೋದ ದಾಖಲೆಗಳು ಅದರಲ್ಲಿ ಇರುವುದಿಲ್ಲ. ಒಬ್ಬರೇ ರೋಗಿ ತಾಲ್ಲೂಕು ಆಸ್ಪತ್ರೆಯಲ್ಲೂ, ಅಲ್ಲಿಂದ ಕಳಿಸಿದ ಖಾಸಗಿ ಆಸ್ಪತ್ರೆಯಲ್ಲೂ ನಮೂದಾಗಿ, ಆಮೇಲೆ ಒಂದನ್ನು ತೆಗೆದಿರುತ್ತಾರೆ. ಹಾಗಾಗಿ ಹಿಂದಿನ ಅಂದಾಜುಗಳು ನಿಜಕ್ಕಿಂತ ಚೊಕ್ಕವಾಗಿ ಕಾಣುತ್ತವೆ. ಮದ್ದು ಸರಳ: ಪ್ರತಿ ಸೋಮವಾರ ಒಂದೇ ಹೊತ್ತಿಗೆ ಪೂರ್ತಿ ಪಟ್ಟಿಯನ್ನು ಇಳಿಸಿ, ಹೆಸರು ವಿಳಾಸ ತೆಗೆದು, `dengue_2025-07-28.csv` ಎಂಬಂಥ ಹೆಸರಿನಲ್ಲಿ ಉಳಿಸಿ, ಮತ್ತೆ ಮುಟ್ಟಬೇಡಿ. ಈಗಿನಿಂದ ಉಳಿಸಲು ಶುರು ಮಾಡಿದರೆ ಮುಂದಿನ ಮಳೆಗಾಲಕ್ಕೆ ನಿಮ್ಮ ವ್ಯಾಪ್ತಿಗಳು ಗಟ್ಟಿಯಾಗಿರುತ್ತವೆ.

ಪರದೆಯ ಮೇಲೆ

ಅಮೆರಿಕದ ಸಿಡಿಸಿ ಆಹಾರಜನ್ಯ ರೋಗಗಳ ನಕ್ಷೆಯಲ್ಲಿ ಕೊನೆಯ ಕೆಲವು ವಾರಗಳ ಮೇಲೆ ಬೂದು ಪಟ್ಟಿ ಹಾಕಿ, ಈ ಅವಧಿಯ ಪ್ರಕರಣಗಳು ಇನ್ನೂ ವರದಿಯಾಗಿಲ್ಲದಿರಬಹುದು ಎಂದು ಬರೆಯುತ್ತದೆ. ಪ್ರಾಮಾಣಿಕವಾದ, ಸುಲಭವಾದ ದಾರಿ. ಆದರೆ ಎಷ್ಟು ಬಾಕಿ ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ಬೂದು ಬಣ್ಣದ ಕೆಳಗೂ ಇಳಿಯುವ ಕಂಬಗಳನ್ನು ಕಣ್ಣು ಓದಿಯೇ ತೀರುತ್ತದೆ. ಬ್ರೆಜಿಲ್‌ನಲ್ಲಿ ಡೆಂಗಿಗಾಗಿ ನಡೆಯುವ ಇನ್ಫೋಡೆಂಗಿ ವ್ಯವಸ್ಥೆ ಒಂದು ಹೆಜ್ಜೆ ಮುಂದೆ ಹೋಗಿ, ವರದಿಯಾದದ್ದರ ಜೊತೆಗೆ ವಿಳಂಬ ಸರಿಪಡಿಸಿದ ಅಂದಾಜನ್ನೂ ಕೊಡುತ್ತದೆ. ಜಿಲ್ಲೆಗೆ ನಾನು ಸೂಚಿಸುವುದು ಎರಡನೆಯದನ್ನು.

ಕಂಬದ ಕೆಳಭಾಗ ಗಾಢ ಬಣ್ಣದಲ್ಲಿ: "ಇಲ್ಲಿಯವರೆಗೆ ಬಂದ ವರದಿ". ಅದರ ಮೇಲೆ ತೆಳು ಬಣ್ಣದ ಓರೆಗೆರೆ ತುಂಬಿದ ಭಾಗ: "ಇನ್ನೂ ಬರಬಹುದಾದದ್ದು". ಮೇಲೆ ಒಂದು ನೇರ ಕಡ್ಡಿ, ವ್ಯಾಪ್ತಿಯ ಎರಡು ತುದಿಗೆ. ಗಾಢ ಭಾಗಗಳ ತುದಿಗಳನ್ನು ಗೆರೆಯಿಂದ ಜೋಡಿಸಲೇಬೇಡಿ. ಕಂಬಗಳಿದ್ದೂ ಅದರ ಮೇಲೊಂದು ಗೆರೆ ಇದ್ದರೆ ಕಣ್ಣು ಗೆರೆಯನ್ನೇ ಹಿಂಬಾಲಿಸುತ್ತದೆ. ಓರೆಗೆರೆ ಏಕೆಂದರೆ ಸಭೆಗೆ ಹೋಗುವ ಪ್ರತಿ ಕಪ್ಪುಬಿಳುಪು ಜೆರಾಕ್ಸ್ ಆಗಿರುತ್ತದೆ, ತೆಳು ಬಣ್ಣ ಅದರಲ್ಲಿ ಅಳಿಸಿಹೋಗುತ್ತದೆ.

ಪ್ರತಿ ಕೊನೆಯ ಕಂಬದ ಕೆಳಗೆ ಶೇ 22, ಶೇ 62, ಶೇ 87 ಎಂದು ಪೂರ್ಣತೆಯನ್ನು ಬರೆಯಿರಿ. ವ್ಯಾಪ್ತಿ ಎಂದರೇನೆಂದು ಗೊತ್ತಿಲ್ಲದವರಿಗೂ "ಇದು ಕಾಲುಭಾಗವೂ ಇಲ್ಲ" ಎಂಬುದು ತಟ್ಟನೆ ಹೊಳೆಯುತ್ತದೆ. ಅಂದಾಜುಗಳನ್ನು ಹತ್ತರ ಮಟ್ಟಕ್ಕೆ ದುಂಡಗೆ ಮಾಡಿ. "201" ಎಂಬ ಅಂಕಿಗೆ ಇರುವ ನಿಖರತೆಯ ಠೀವಿ ನಮ್ಮ ಲೆಕ್ಕಕ್ಕಿಲ್ಲ. ದತ್ತಾಂಶ ತೆಗೆದ ದಿನ ಮತ್ತು ಹೊತ್ತನ್ನು ನಕ್ಷೆಯೊಳಗೇ ಮುದ್ರಿಸಿ, ಏಕೆಂದರೆ ನಕ್ಷೆ ವಾಟ್ಸಾಪ್‌ನಲ್ಲಿ ಒಂಟಿಯಾಗಿ ಓಡಾಡುತ್ತದೆ.

ನಕ್ಷೆಯ ಮೇಲಿನ ಒಂದು ಸಾಲಿನ ಮಾತು ಹೀಗಿರಲಿ: "29ನೇ ವಾರದವರೆಗೆ ಡೆಂಗಿ ಏರುತ್ತಿದೆ. 30ನೇ ವಾರದಲ್ಲಿ 44 ವರದಿ ಬಂದಿವೆ, ಕೊನೆಗೆ 140ರಿಂದ 290 ಆಗಬಹುದು. ಈ ವಾರದ ಏರಿಳಿತವನ್ನು ಈಗಲೇ ಹೇಳಲಾಗದು."

ತಾಲ್ಲೂಕು ಮಟ್ಟಕ್ಕೆ ಇಳಿದಾಗ ಮಾತ್ರ ಈ ಗುಣಾಕಾರ ಕೈಕೊಡುತ್ತದೆ. ಸೊನ್ನೆಯನ್ನು 4.57ರಿಂದ ಗುಣಿಸಿದರೂ ಸೊನ್ನೆಯೇ. ಆದರೆ ಪ್ರತಿ ಪ್ರಕರಣ ಸಕಾಲಕ್ಕೆ ವರದಿಯಾಗುವ ಸಾಧ್ಯತೆ ಶೇ 22 ಇರುವಲ್ಲಿ, ನಿಜಕ್ಕೂ 9 ಜನರಿಗೆ ಡೆಂಗಿ ಇದ್ದರೂ ಒಂದೂ ನಮೂದಾಗದೆ ಇರುವ ಸಾಧ್ಯತೆ 0.78ರ ಒಂಬತ್ತನೇ ಘಾತ, ಸುಮಾರು ಶೇ 11. ಹಾಗಾಗಿ ತಾಲ್ಲೂಕಿನ ಕೊನೆಯ ವಾರದ ಸೊನ್ನೆಗೆ ಹಸಿರು ಬಣ್ಣ ಬೇಡ. "ಒಂಬತ್ತರವರೆಗೂ ಇರಬಹುದು" ಎಂದೇ ಬರೆಯಿರಿ, ಇಲ್ಲವೇ ಐದಕ್ಕಿಂತ ಕಡಿಮೆ ಇರುವ ಕಡೆ ಅಂದಾಜು ಬಿಟ್ಟು "ವರದಿ ಬಾಕಿ" ಎಂದು ಬೂದು ಮಾಡಿ. ಸಣ್ಣ ಸಂಖ್ಯೆಗಳನ್ನು ಸರಿಯಾಗಿ ನಿಭಾಯಿಸಬೇಕೆಂದರೆ ಆರ್‌ನ `NobBS` ಅಥವಾ `surveillance` ಪ್ಯಾಕೇಜಿನ `nowcast()` ನೋಡಿ. ಅವಕ್ಕೂ ಬೇಕಾದದ್ದು ಇದೇ ಎರಡು ದಿನಾಂಕ.

ಲೆಕ್ಕ ಮೋಸ ಹೋಗುವ ಹೊತ್ತು

ಇಡೀ ವಿಧಾನ ನಿಂತಿರುವುದು ಒಂದು ನಂಬಿಕೆಯ ಮೇಲೆ: ವರದಿಯ ವೇಗ ಕಳೆದ ಕೆಲವು ವಾರಗಳಂತೆಯೇ ಈಗಲೂ ಇದೆ. ಅದು ಮುರಿಯುವುದು ನಮಗೆ ಅಂದಾಜು ತುಂಬ ಬೇಕಾದ ಹೊತ್ತಿನಲ್ಲೇ. ಪ್ರಕರಣ ಹೆಚ್ಚಿದಾಗ ಪ್ರಯೋಗಾಲಯದಲ್ಲಿ ಸ್ಯಾಂಪಲ್ ರಾಶಿ ಬೀಳುತ್ತದೆ, ಕಿಟ್ ಮುಗಿಯುತ್ತದೆ, ಶೇ 22 ಇದ್ದದ್ದು ಶೇ 15ಕ್ಕೆ ಇಳಿಯುತ್ತದೆ. ಆಗ ಅದೇ ಗುಣಕ ಬಳಸಿದರೆ ಅಂದಾಜು ನಿಜದ ಮೂರನೇ ಎರಡು ಭಾಗದಷ್ಟೇ ಬರುತ್ತದೆ. ರೋಗ ಏರುತ್ತಿರುವಾಗಲೇ ನಿಮ್ಮ ನಕ್ಷೆ ಮತ್ತೆ ಮಟ್ಟಸವಾಗುತ್ತದೆ.

ಇದನ್ನು ಹಿಡಿಯಲು "ಸರಾಸರಿ ವಿಳಂಬ ಎಷ್ಟು ದಿನ" ಎಂಬ ಅಂಕಿ ನೋಡಬೇಡಿ. ಇತ್ತೀಚಿನ ವಾರಗಳಲ್ಲಿ ಬೇಗ ಬಂದವು ಮಾತ್ರ ಕೈಯಲ್ಲಿರುವುದರಿಂದ ಅದು ಸದಾ ಸುಧಾರಿಸುತ್ತಿರುವಂತೆ ಕಾಣುತ್ತದೆ. ಬದಲಿಗೆ ಪ್ರತಿ ವಾರದ "ಮುಗಿದಾಗ"ದಿಂದ "+1"ಕ್ಕೆ ಆದ ಬೆಳವಣಿಗೆಯನ್ನು ಒಂದು ಸಣ್ಣ ನಕ್ಷೆಯಲ್ಲಿ ಇಡಿ. ನಮ್ಮ ಪಟ್ಟಿಯಲ್ಲಿ ಅದು 2.78, 2.64, 2.88, 2.93, 2.85, 2.83. ನೆಮ್ಮದಿಯ ಸಾಲು. ಒಂದು ವಾರ ಅದು 4 ದಾಟಿದರೆ, ಲೆಕ್ಕ ಒಪ್ಪಿಸುವ ಮೊದಲು ಪ್ರಯೋಗಾಲಯಕ್ಕೆ ಫೋನ್ ಮಾಡಿ, ಪರೀಕ್ಷೆಗೆ ಕಾಯುತ್ತಿರುವ ಸ್ಯಾಂಪಲ್ ಎಷ್ಟು ಎಂದು ಕೇಳಿ. ಆ ಸಂಖ್ಯೆಯನ್ನೂ ನಕ್ಷೆಯ ಕೆಳಗೆ ಬರೆದರೆ ಇನ್ನೂ ಒಳ್ಳೆಯದು.

ಗಣೇಶನ ಹಬ್ಬ, ದಸರಾದಂಥ ವಾರಗಳಲ್ಲಿ ನಮೂದು ನಿಂತು, ಮುಂದಿನ ವಾರ ಒಟ್ಟಿಗೆ ಬರುತ್ತದೆ. ಈ ಪೆಟ್ಟು ತ್ರಿಕೋನದಲ್ಲಿ ಓರೆಯಾಗಿ ಬೀಳುತ್ತದೆ, ಏಕೆಂದರೆ ಒಂದೇ ನಮೂದಿನ ವಾರ ಬೇರೆ ಬೇರೆ ಜ್ವರದ ವಾರಗಳಲ್ಲಿ ಬೇರೆ ಬೇರೆ ಕಂಬಸಾಲಿನಲ್ಲಿರುತ್ತದೆ. ಓರೆಯಾಗಿ ಒಂದು ಸಾಲು ಸಪ್ಪೆ, ಪಕ್ಕದ ಓರೆಸಾಲು ಉಬ್ಬಿದ್ದರೆ ಅದು ರಜೆಯ ಗುರುತು. ಅಂಥ ಸೋಮವಾರ ಕೊನೆಯ ವಾರದ ಅಂದಾಜನ್ನು ಹಾಕದೆ, ಕಾರಣ ಬರೆದು ಬಿಡುವುದೇ ಸರಿ. ಹಳೆಯ ಬಾಕಿಯನ್ನು ಒಂದೇ ಬಾರಿ ಏರಿಸಿದ ಆಸ್ಪತ್ರೆಯ ದಾಖಲೆಗಳನ್ನು ಗುಣಕದ ಲೆಕ್ಕದಿಂದ ಹೊರಗಿಡಿ, ಪ್ರಕರಣಗಳ ಒಟ್ಟು ಎಣಿಕೆಯಲ್ಲಿ ಮಾತ್ರ ಇರಲಿ.

ಕೊನೆಯದಾಗಿ, ಪ್ರತಿ ತಿಂಗಳು ಹಳೆಯ ಉಳಿಸಿದ ಪ್ರತಿಗಳನ್ನು ತೆರೆದು, ನೀವು ಪ್ರಕಟಿಸಿದ ವ್ಯಾಪ್ತಿಯೊಳಗೆ ಅಂತಿಮ ಸಂಖ್ಯೆ ಎಷ್ಟು ವಾರ ಬಿತ್ತು ಎಂದು ಎಣಿಸಿ. ಶೇ 80ರ ವ್ಯಾಪ್ತಿಯಾದರೆ 20 ವಾರದಲ್ಲಿ 16ರ ಸುತ್ತಮುತ್ತ ಬೀಳಬೇಕು. 10 ಮಾತ್ರ ಬಿದ್ದಿದ್ದರೆ ಕಡ್ಡಿಗಳನ್ನು ಉದ್ದ ಮಾಡಬೇಕು. ಹೊರಗೆ ಬಿದ್ದವೆಲ್ಲ ಮೇಲಿನ ತುದಿಯನ್ನೇ ದಾಟಿದ್ದರೆ ಕಡ್ಡಿ ಉದ್ದ ಮಾಡಿ ಪ್ರಯೋಜನವಿಲ್ಲ: ವರದಿ ನಿಧಾನವಾಗಿದೆ, ಗುಣಕವನ್ನು ಹತ್ತಿರದ ನಾಲ್ಕೈದು ವಾರಗಳಿಂದ ಮತ್ತೆ ಕಟ್ಟಿ.